‘ಮನೆಯಲ್ಲಿ ಸ್ವಲ್ಪ ತೊಂದರೆ’: ಕರಾವಳಿಯ ಒಂದು ರೆಸಾರ್ಟಿನಲ್ಲಿ ಕೆಲಸ ಬಿಟ್ಟವರು ಹೇಳಿದ್ದು

ಹಿನ್ನೆಲೆ

ಇದು ಕುಮಟಾ ಮತ್ತು ಅಂಕೋಲಾ ನಡುವಿನ ಕಡಲತೀರದ ಒಂದು ರೆಸಾರ್ಟಿನ ಪ್ರಕರಣ. ಗುರುತು ಸಿಗದಂತೆ ಕೆಲವು ವಿವರ ಮತ್ತು ಸಂಖ್ಯೆಗಳನ್ನು ಬದಲಿಸಿದ್ದೇನೆ. ಯಾವುದಾದ ಮೇಲೆ ಯಾವುದು ನಡೆಯಿತು, ಯಾವ ಹಂತದಲ್ಲಿ ಏನು ತೀರ್ಮಾನವಾಯಿತು ಎಂಬುದು ಮಾತ್ರ ಇದ್ದದ್ದು ಇದ್ದಂತೆಯೇ ಇದೆ. 40ರ ಆಸುಪಾಸು ಕೋಣೆಗಳು, ಒಂದು ರೆಸ್ಟೋರೆಂಟ್, ಮದುವೆ ಮತ್ತು ಕಂಪನಿ ಸಭೆಗಳಿಗೆ ಒಂದು ಹಾಲ್. ಸಿಬ್ಬಂದಿ ಸುಮಾರು 60 ಜನ. ಅವರಲ್ಲಿ ಅರ್ಧದಷ್ಟು ಮಂದಿ ಸುತ್ತಲಿನ ಹಳ್ಳಿಗಳವರು, ದಿನವೂ ಮನೆಯಿಂದ ಬಂದು ಹೋಗುವವರು. ಉಳಿದವರು ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದು ರೆಸಾರ್ಟಿನ ಹಿಂದಿರುವ ಡಾರ್ಮಿಟರಿಯಲ್ಲಿ ಉಳಿದವರು.

ಇಲ್ಲಿ ಸೀಸನ್ ದಸರಾ ರಜೆಗೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಒಂದಷ್ಟು ಜನ ಕೆಲಸ ಬಿಡುವುದು ಈ ಕಸುಬಿನಲ್ಲಿ ಮಾಮೂಲು. ಮಾಲೀಕರ ನಿದ್ದೆಗೆಡಿಸಿದ್ದು ಅದಲ್ಲ. ಡಿಸೆಂಬರ್, ಜನವರಿಯಲ್ಲಿ, ಒಂದು ಕೋಣೆಯೂ ಖಾಲಿ ಇಲ್ಲದ ದಿನಗಳಲ್ಲಿ, ಕೆಲಸ ಕಲಿತು ಕೈ ಪಳಗಿದವರೇ ಬಿಡುತ್ತಿದ್ದರು. ಹಿಂದಿನ ಸೀಸನ್ನಿನಲ್ಲಿ ಹಾಗೆ ಹೋದವರು 20ಕ್ಕೂ ಹೆಚ್ಚು. ಹೌಸ್‌ಕೀಪಿಂಗ್‌ನಲ್ಲಿ ಹೊಸಬರೊಬ್ಬರು ತಪ್ಪಿಲ್ಲದೆ, ಹೊತ್ತಿಗೆ ಸರಿಯಾಗಿ ಕೋಣೆ ಮುಗಿಸುವಷ್ಟು ತಯಾರಾಗಲು ಒಂದು ತಿಂಗಳಾದರೂ ಬೇಕು. ಅಷ್ಟರಲ್ಲಿ ಹೊಸ ವರ್ಷದ ಗಲಾಟೆಯೇ ಮುಗಿದಿರುತ್ತದೆ.

ಕಾರಣ ಗೋವಾ ಎಂದು ಮಾಲೀಕರು ನಂಬಿದ್ದರು. ಕಾರವಾರ ದಾಟಿದರೆ ಗೋವಾ, ಅಲ್ಲಿ ಸಂಬಳ ಹೆಚ್ಚು, ಟಿಪ್ಸ್ ಹೆಚ್ಚು, ಹುಡುಗರು ನಿಲ್ಲುವುದಿಲ್ಲ ಎಂದು. ಆ ನಂಬಿಕೆಯ ಮೇಲೆಯೇ ಸೀಸನ್ ಆರಂಭದಲ್ಲಿ ಎಲ್ಲರಿಗೂ ತಿಂಗಳಿಗೆ 1,500 ರೂಪಾಯಿ ಹೆಚ್ಚಿಸಿದ್ದರು. ಬಿಡುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಜನ ಯಾಕೆ ಬಿಡುತ್ತಿದ್ದಾರೆ ಎಂದು ವಿಚಾರಿಸಲು ನನ್ನನ್ನು ಕರೆದದ್ದು ಆಮೇಲೆ.

ಇದ್ದ ಫಾರಂ

ಕೆಲಸ ಬಿಡುವವರನ್ನು ಕೇಳುವ ಪದ್ಧತಿಯೇ ಇರಲಿಲ್ಲ ಎಂದಲ್ಲ. ಒಂದು ಹಾಳೆಯ ಫಾರಂ ಇತ್ತು. ಕೊನೆಯ ದಿನ ಮ್ಯಾನೇಜರ್ ಕೋಣೆಗೆ ಹೋಗಿ ಯೂನಿಫಾರಂ, ಲಾಕರ್ ಕೀ, ಗುರುತಿನ ಚೀಟಿ ಒಪ್ಪಿಸಬೇಕು. ಅದೇ ಮೇಜಿನ ಮೇಲೆ ಸೆಟಲ್‌ಮೆಂಟ್ ಕಾಗದವೂ ಈ ಫಾರಮ್ಮೂ ಒಟ್ಟಿಗೆ ಇರುತ್ತಿದ್ದವು. ‘ಕೆಲಸ ಬಿಡಲು ಕಾರಣ’ ಎಂಬ ಒಂದು ಪ್ರಶ್ನೆ, ಅದರ ಕೆಳಗೆ ನಾಲ್ಕು ಚೌಕ. ಹಳೆಯ ಕಡತ ತೆಗೆಸಿ ನೋಡಿದರೆ ಬಹುತೇಕ ಎಲ್ಲರೂ ‘ಮನೆಯ ಕಾರಣ’ ಅಥವಾ ‘ಉತ್ತಮ ಅವಕಾಶ’ದ ಮುಂದೆ ಗುರುತು ಹಾಕಿದ್ದರು.

ಎದುರಿಗೆ ಕೂತವರ ಕೈಯಲ್ಲಿ ನನ್ನ ಹಣ, ನನ್ನ ರಿಲೀವಿಂಗ್ ಲೆಟರ್ ಇರುವಾಗ ಅವರ ಡ್ಯೂಟಿ ಚಾರ್ಟ್ ಸರಿಯಿಲ್ಲ ಎಂದು ಯಾರು ಬರೆಯುತ್ತಾರೆ? ಅದೂ ನಮ್ಮ ಕಡೆ, ಹೋಗುವಾಗ ಯಾರ ಮನಸ್ಸಿಗೂ ಬೇಜಾರು ಮಾಡಬಾರದು ಎಂಬುದು ಸಣ್ಣಂದಿನಿಂದ ಬಂದದ್ದು. ನಾಳೆ ಅದೇ ಮ್ಯಾನೇಜರ್ ಜಾತ್ರೆಯಲ್ಲೋ ಮದುವೆ ಮನೆಯಲ್ಲೋ ಎದುರಾಗುತ್ತಾರೆ.

ಕೇಳುವ ಏರ್ಪಾಡು

ಪ್ರಶ್ನೆ ಬದಲಿಸುವ ಮೊದಲು ಕೇಳುವವರನ್ನು ಬದಲಿಸಿದೆವು. ಬಿಡುವವರ ಮೇಲಧಿಕಾರಿಯಾಗಲಿ, ಮ್ಯಾನೇಜರಾಗಲಿ, ಮಾಲೀಕರಾಗಲಿ ಕೇಳಬಾರದು. ಲೆಕ್ಕಪತ್ರ ವಿಭಾಗದಲ್ಲಿ ಒಬ್ಬ ಹಿರಿಯ ಮಹಿಳೆ ಇದ್ದರು. ಯಾರ ಡ್ಯೂಟಿಯೂ ಅವರ ಕೈಯಲ್ಲಿರಲಿಲ್ಲ, ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಅವರನ್ನು ಒಪ್ಪಿಸಿದೆವು. ಈಗಾಗಲೇ ಬಿಟ್ಟು ಹೋಗಿದ್ದವರ ಜತೆ ನಾನೇ ಫೋನಿನಲ್ಲಿ, ಕೆಲವರ ಜತೆ ಅವರ ಮನೆಯಲ್ಲಿ ಮಾತಾಡಿದೆ.

ಹೊತ್ತನ್ನೂ ಬದಲಿಸಿದೆವು. ರಾಜೀನಾಮೆ ಒಪ್ಪಿಕೊಂಡು, ಸೆಟಲ್‌ಮೆಂಟ್ ಲೆಕ್ಕ ಮತ್ತು ರಿಲೀವಿಂಗ್ ಲೆಟರ್ ಕೈಗೆ ಕೊಟ್ಟ ಮೇಲೆಯೇ ಮಾತು. ಮಾತಾಡದಿದ್ದರೂ ಅವು ಸಿಗುತ್ತವೆ ಎಂಬುದು ಅವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕಾಗದವೇ ಕೈಯಲ್ಲಿರಬೇಕು. ಈ ಒಂದು ಬದಲಾವಣೆಯಿಂದಲೇ ಮಾತಿನ ಧಾಟಿ ಬೇರೆಯಾಯಿತು.

ಮಾತು ಶುರುವಾಗುವಾಗ ಒಂದು ಭರವಸೆ ಮತ್ತು ಅದರ ಮಿತಿ ಎರಡನ್ನೂ ಹೇಳುತ್ತಿದ್ದೆವು: ನಿಮ್ಮ ಹೆಸರಿನಲ್ಲಿ ಯಾವ ಮಾತೂ ಮೇಲೆ ಹೋಗುವುದಿಲ್ಲ, ಆದರೆ ಯಾರದಾದರೂ ಜೀವಕ್ಕೆ ಅಪಾಯ ಇರುವ ವಿಷಯ, ಲೈಂಗಿಕ ಕಿರುಕುಳದ ವಿಷಯ ಬಂದರೆ ಅದನ್ನು ನಮ್ಮಲ್ಲೇ ಇಟ್ಟುಕೊಂಡು ಸುಮ್ಮನಿರಲು ಆಗುವುದಿಲ್ಲ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು, ಬರೆಯಲಾಗದವರಿಗೆ ಬರೆದುಕೊಡಲು ನೆರವಾಗಬೇಕು. ಈ ಮಿತಿಯನ್ನು ಮೊದಲೇ ಹೇಳದೆ ಎಲ್ಲವೂ ಗುಟ್ಟು ಎಂದು ಮಾತು ಕೊಟ್ಟರೆ, ಅಂಥ ವಿಷಯ ಬಂದ ದಿನ ಒಂದೋ ಮಾತು ಮುರಿಯಬೇಕು, ಇಲ್ಲವೇ ಅನ್ಯಾಯ ಮುಚ್ಚಿಡಬೇಕು.

ಪ್ರಶ್ನೆಗಳು

‘ಯಾಕೆ ಬಿಡುತ್ತಿದ್ದೀರಿ?’ ಎಂಬ ಪ್ರಶ್ನೆಯನ್ನು ಪೂರ್ತಿ ಕೈಬಿಟ್ಟೆವು. ಅದಕ್ಕೆ ಎಲ್ಲರ ಬಳಿಯೂ ಸಿದ್ಧ ಉತ್ತರ ಇರುತ್ತದೆ. ಮನೆಯವರಿಗೆ, ನೆಂಟರಿಗೆ, ಸಂಗಡಿಗರಿಗೆ ಹತ್ತಾರು ಸಲ ಹೇಳಿ ನುಣುಪಾದ ಉತ್ತರ ಅದು. ಬದಲಿಗೆ ಮೊದಲು ಕೇಳುತ್ತಿದ್ದದ್ದು: ‘ಬೆಳಿಗ್ಗೆ ಮನೆ ಬಿಟ್ಟಲ್ಲಿಂದ ರಾತ್ರಿ ಮನೆ ಮುಟ್ಟುವವರೆಗೆ ನಿಮ್ಮ ಒಂದು ದಿನ ಹೇಗಿರುತ್ತಿತ್ತು, ಹೇಳಿ.’ ಇದರಲ್ಲಿ ದೂರುವ ಪ್ರಸಂಗವೇ ಇಲ್ಲವಾದ್ದರಿಂದ ಜನ ಆರಾಮಾಗಿ ಹೇಳುತ್ತಾರೆ. ಕೇಳುವವರು ಗಮನ ಇಡಬೇಕಾದದ್ದು ಮಾತು ಎಲ್ಲಿ ತಡವರಿಸುತ್ತದೆ, ಯಾವ ಹೊತ್ತನ್ನು ಹಾರಿಸಿ ಮುಂದೆ ಹೋಗುತ್ತಾರೆ ಎಂಬುದರ ಮೇಲೆ.

ಎರಡನೆಯದು ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದ ಪ್ರಶ್ನೆ: ‘ಈ ಕೆಲಸ ಸಾಕು ಅಂತ ಮೊಟ್ಟಮೊದಲು ಅನ್ನಿಸಿದ್ದು ಯಾವಾಗ? ಅವತ್ತು ಏನಾಗಿತ್ತು?’ ರಾಜೀನಾಮೆ ಕೊಡುವ ದಿನದ ಕಾರಣಕ್ಕೂ ಮನಸ್ಸು ಮುರಿದ ದಿನದ ಕಾರಣಕ್ಕೂ ನಡುವೆ ಹಲವು ವಾರಗಳಿರುತ್ತವೆ. ಬೇರೆ ಕಡೆ ಕೆಲಸ ಸಿಗುವುದು ಸಾಮಾನ್ಯವಾಗಿ ಆಮೇಲೆ. ಹುಡುಕಲು ಶುರು ಮಾಡಿದ್ದು ಯಾಕೆ ಎಂಬುದು ಸಂಸ್ಥೆಗೆ ಬೇಕಾದ ಮಾಹಿತಿ.

ಅದರ ಬೆನ್ನಿಗೇ ಕೇಳುತ್ತಿದ್ದದ್ದು, ‘ಆಮೇಲೆ ಅದನ್ನು ಯಾರಿಗಾದರೂ ಹೇಳಿದ್ದಿರಾ? ಹೇಳಿದ ಮೇಲೆ ಏನಾಯಿತು?’ ತೊಂದರೆ ಗೊತ್ತಿದ್ದೂ ಯಾರೂ ಏನೂ ಮಾಡದೆ ಇದ್ದದ್ದಾ, ಇಲ್ಲ ಗೊತ್ತೇ ಆಗಲಿಲ್ಲವಾ ಎಂಬುದು ಇಲ್ಲಿ ತಿಳಿಯುತ್ತದೆ. ಇವೆರಡಕ್ಕೂ ಮದ್ದು ಬೇರೆ ಬೇರೆ. ಸಂಬಳದ ವಿಷಯವನ್ನು ನೇರ ಕೇಳದೆ, ‘ಈಗ ಹೋಗುವ ಕಡೆಯಲ್ಲೂ ಇಲ್ಲಿನಷ್ಟೇ ಸಂಬಳ ಅಂದಿದ್ದರೆ ಹೋಗುತ್ತಿದ್ದಿರಾ?’ ಎಂದು ಕೇಳಿದೆವು. ಕೊನೆಗೆ, ‘ನಿಮ್ಮ ತಂಗಿಗೋ ಸಂಬಂಧಿಕರಿಗೋ ಇಲ್ಲಿ ಕೆಲಸಕ್ಕೆ ಸೇರು ಅಂತೀರಾ? ಯಾವ ವಿಭಾಗಕ್ಕೆ?’ ಸಂಬಂಧದ ಮೂಲಕವೇ ಕೆಲಸಕ್ಕೆ ಜನ ಸಿಗುವ ನಮ್ಮ ಊರುಗಳಲ್ಲಿ ಇದು ಬರೀ ಅಭಿಪ್ರಾಯದ ಪ್ರಶ್ನೆಯಲ್ಲ. ‘ಸರ್ವಿಸ್‌ಗೆ ಬೇಡ, ಆಫೀಸಿಗಾದರೆ ಬರಲಿ’ ಎಂದು ಒಬ್ಬರು ಹೇಳಿದ್ದರಲ್ಲಿ ಇಡೀ ವಿಭಾಗದ ಕತೆ ಇತ್ತು.

ಕೇಳಬಾರದ್ದನ್ನೂ ಬರೆದಿಟ್ಟುಕೊಂಡಿದ್ದೆವು. ಮದುವೆ, ಬಸಿರಿನ ವಿಚಾರ ಕೇಳಬಾರದು. ‘ಸೂಪರ್‌ವೈಸರ್ ಸರಿ ಇರಲಿಲ್ಲವಾ?’ ಎಂದು ಉತ್ತರವನ್ನು ಬಾಯಿಗೆ ತುರುಕಬಾರದು. ಮುಖ್ಯವಾಗಿ, ಕೇಳುತ್ತ ಕೇಳುತ್ತ ಸಂಸ್ಥೆಯ ಪರ ವಾದಕ್ಕೆ ಇಳಿಯಬಾರದು, ‘ಇನ್ನೊಂದು ಸಾವಿರ ಕೊಟ್ಟರೆ ನಿಲ್ಲುತ್ತೀರಾ’ ಎಂದು ಚೌಕಾಶಿ ಮಾಡಬಾರದು. ಒಮ್ಮೆ ಚೌಕಾಶಿ ಶುರುವಾದರೆ ಅಲ್ಲಿಂದ ಮುಂದಿನ ಪ್ರತಿ ಉತ್ತರವೂ ಸಂಬಳದ ಬಗ್ಗೆಯೇ ಆಗುತ್ತದೆ.

ಹನ್ನೊಂದರಿಂದ ಆರು

ಹೌಸ್‌ಕೀಪಿಂಗ್‌ನಲ್ಲಿದ್ದ ಒಬ್ಬ ಯುವತಿ ಫಾರಂನಲ್ಲಿ ‘ಮನೆಯ ಕಾರಣ’ ಎಂದು ಗುರುತು ಹಾಕಿದ್ದಳು. ಅವಳ ಮನೆಯ ಜಗಲಿಯಲ್ಲಿ ಕೂತು ಮಾತಿಗೆ ತೊಡಗಿದಾಗ ಮೊದಲು ಬಂದದ್ದು, “ಎಂತ ತೊಂದ್ರೆನೂ ಇರ್ಲಿಲ್ಲ, ಎಲ್ಲ ಚಲೋ ಇತ್ತು.” ಮೊದಲು ಅನ್ನಿಸಿದ ದಿನವನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

“ದೀಪಾವಳಿ ಮುಗಿದ ವಾರ. ಬೆಳಿಗ್ಗೆ ಏಳಕ್ಕೆ ಹೋದವ್ಳು, ಹನ್ನೊಂದಕ್ಕೆ ಡ್ಯೂಟಿ ಮುಗೀತು. ಮತ್ತೆ ಆರಕ್ಕೆ ಬರ್ಬೇಕು. ಮನೆಗೆ ಹೋಗಿ ಬರೋಕೆ ಎರಡು ಬಸ್ ಬದಲ್ಸಬೇಕು. ಟಿಕೆಟ್ ಫ್ರೀ ಇದ್ರೂ ಬಸ್ ಹೊತ್ತಿಗೆ ಸರಿಯಾಗಿ ಬರ್ಬೇಕಲ್ಲ. ಅದ್ಕೆ ಲಿನನ್ ರೂಮಲ್ಲಿ ಬಟ್ಟೆ ಮೂಟೆ ಮೇಲೆ ಮಲಗಿದ್ದೆ. ಸೂಪರ್‌ವೈಸರ್ ಬಂದು, ಗೆಸ್ಟ್ ನೋಡಿದ್ರೆ ಏನಂತಾರೆ, ಹೊರಗೆ ಹೋಗು ಅಂದ್ರು. ಹೊರಗೆ ಎಲ್ಲಿ ಹೋಗ್ಲಿ? ಬಸ್‌ಸ್ಟಾಪಲ್ಲಿ ಕೂತ್ಕಂಡೆ, ಐದೂವರೆ ತನ್ಕ.”

ರಾತ್ರಿ ಹತ್ತಕ್ಕೆ ಕೆಲಸ ಮುಗಿದ ಮೇಲೆ ಅವಳ ಊರಿಗೆ ಬಸ್ಸಿಲ್ಲ. ಅಣ್ಣ ಬೈಕ್ ತರಬೇಕು. ಡಿಸೆಂಬರ್ ಹೊತ್ತಿಗೆ ಅಣ್ಣನಿಗೂ ಸಾಕಾಯಿತು, ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಅಂದರೆ ‘ಮನೆಯ ಕಾರಣ’ ಎಂಬುದು ಸುಳ್ಳಲ್ಲ. ರೆಸಾರ್ಟಿನ ಡ್ಯೂಟಿ ಚಾರ್ಟಿನಲ್ಲಿ ಹುಟ್ಟಿದ ತೊಂದರೆ ಮನೆ ಮುಟ್ಟಿದ ಮೇಲೆ ಪಡೆದ ರೂಪ ಅದು. ಸಂಬಳದ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಇನ್ನೂ ಸ್ಪಷ್ಟವಾಗಿತ್ತು. ಅವಳು ಸೇರಿದ್ದು ಗೋವಾಕ್ಕಲ್ಲ, ಪೇಟೆಯ ಒಂದು ಬಟ್ಟೆ ಅಂಗಡಿಗೆ. ಅಲ್ಲಿ ರೆಸಾರ್ಟಿಗಿಂತ ಸಂಬಳ ಕಡಿಮೆ, ಸಂಜೆ ಬಸ್ಸು ಇರುವಾಗಲೇ ಬಾಗಿಲು ಹಾಕುತ್ತಾರೆ.

ಹೋಟೆಲಿನವರು ಇದಕ್ಕೆ ಬ್ರೇಕ್ ಶಿಫ್ಟ್ ಎನ್ನುತ್ತಾರೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ನಾಲ್ಕು ಗಂಟೆ, ರಾತ್ರಿ ಊಟದ ಹೊತ್ತಿಗೆ ನಾಲ್ಕು ಗಂಟೆ, ನಡುವೆ ಬಿಡುವು. ಲೆಕ್ಕಕ್ಕೆ ಎಂಟೇ ಗಂಟೆ ಕೆಲಸ. ಸರ್ವಿಸ್ ಮತ್ತು ಹೌಸ್‌ಕೀಪಿಂಗ್ ಬಿಟ್ಟ ಸ್ಥಳೀಯರಲ್ಲಿ ಮಾತಿಗೆ ಸಿಕ್ಕವರು ಹೆಚ್ಚುಕಡಿಮೆ ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಈ ನಡುವಿನ ಏಳು ಗಂಟೆಗಳಿಗೇ ಬಂದು ನಿಂತರು. ಡಾರ್ಮಿಟರಿಯಲ್ಲಿದ್ದವರು ಯಾರೂ ಅದರ ಸುದ್ದಿ ಎತ್ತಲಿಲ್ಲ. ಅವರಿಗೂ ಬ್ರೇಕ್ ಶಿಫ್ಟ್ ಇತ್ತು, ಆದರೆ ಮಧ್ಯಾಹ್ನ ತಮ್ಮ ಮಂಚಕ್ಕೆ ಹೋಗಿ ಮಲಗುತ್ತಿದ್ದರು. ಎಲ್ಲರ ಉತ್ತರವನ್ನೂ ಒಂದೇ ರಾಶಿ ಹಾಕಿದ್ದರೆ ಇದು ‘ಕೆಲವರಿಗೆ ಶಿಫ್ಟ್ ಬಗ್ಗೆ ಅಸಮಾಧಾನ’ ಎಂಬ ಸಾಲಾಗಿ ಮುಗಿದುಹೋಗುತ್ತಿತ್ತು. ಸ್ಥಳೀಯರು ಮತ್ತು ಉಳಿದುಕೊಂಡವರು ಎಂದು ಬೇರೆ ಮಾಡಿ ನೋಡಿದ್ದರಿಂದ ಕಣ್ಣಿಗೆ ಬಿತ್ತು.

ಆದರೂ ಮಾತನ್ನಷ್ಟೇ ನಂಬಿ ಮಾಲೀಕರ ಬಳಿ ಹೋಗಲಿಲ್ಲ. ಹಿಂದಿನ ತಿಂಗಳುಗಳ ಡ್ಯೂಟಿ ಚಾರ್ಟನ್ನೂ ಹಾಜರಿ ಯಂತ್ರದ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಬ್ರೇಕ್ ಶಿಫ್ಟ್ ಸ್ಥಳೀಯರಿಗೇ ಹೆಚ್ಚು ಬಿದ್ದಿತ್ತು. ಮ್ಯಾನೇಜರನ್ನು ಕೇಳಿದರೆ ಅವರು ಹೇಳಿದ್ದು, “ಅವ್ರ ಮನೆ ಇಲ್ಲೇ ಹತ್ತಿರ ಅಲ್ವಾ, ಮಧ್ಯಾಹ್ನ ಮನೆಗೆ ಹೋಗಿ ಉಂಡು ಬರ್ಲಿ ಅಂತ ಹಾಕ್ತಿದ್ದೆ.” ಅವರ ಮನಸ್ಸಿನಲ್ಲಿ ಅದು ಉಪಕಾರ. ಸ್ವಂತ ಕಾರಿನಲ್ಲಿ ಓಡಾಡುವವರಿಗೆ 14 ಕಿಲೋಮೀಟರ್ ಹತ್ತಿರವೇ.

ಇನ್ನೊಂದು ವಿಷಯವೂ ಚಾರ್ಟಿನಲ್ಲೇ ಸಿಕ್ಕಿತು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಒಬ್ಬರ ದಿನದ ಕೆಲಸ, ಬಿಡುವಿನ ಹೊತ್ತೂ ಸೇರಿ, 12 ಗಂಟೆಗಿಂತ ಹೆಚ್ಚು ಹರಡಿಕೊಳ್ಳುವಂತಿಲ್ಲ. ಹೋಟೆಲುಗಳು ಈ ಕಾಯ್ದೆಯೊಳಗೇ ಬರುತ್ತವೆ. ಬೆಳಿಗ್ಗೆ 7ರಿಂದ ರಾತ್ರಿ 10 ಅಂದರೆ 15 ಗಂಟೆ. ಮಾಲೀಕರು ಇದನ್ನು ಕೇಳಿ ಗಂಭೀರವಾದರು. ಖರ್ಚಿನ ಚರ್ಚೆ ಅಲ್ಲಿಗೆ ಮುಗಿಯಿತು.

ಮಾಡಿದ ಬದಲಾವಣೆ

ಮನೆಯಿಂದ ಬರುವವರಿಗೆ ಬ್ರೇಕ್ ಶಿಫ್ಟ್ ನಿಲ್ಲಿಸಿ, ಬೆಳಗಿನದು ಇಲ್ಲವೇ ಮಧ್ಯಾಹ್ನದಿಂದ ರಾತ್ರಿಯದು ಎಂದು ಒಂದೇ ಸಲದ ಶಿಫ್ಟ್ ಮಾಡಿದರು. ರಾತ್ರಿ ಮುಗಿಸುವವರನ್ನು ಊರು ಮುಟ್ಟಿಸಲು ಒಂದು ಟೆಂಪೋ ಗೊತ್ತುಮಾಡಿದರು. ಡಾರ್ಮಿಟರಿಯವರಲ್ಲಿ ಒಪ್ಪಿದವರಿಗೆ ಮಾತ್ರ ಬ್ರೇಕ್ ಶಿಫ್ಟ್ ಉಳಿಯಿತು, ಅದೂ 12 ಗಂಟೆಯ ಒಳಗೆ ಮುಗಿಯುವಂತೆ. ಇದಕ್ಕಾಗಿ ಇಬ್ಬರನ್ನು ಹೆಚ್ಚಿಗೆ ತೆಗೆದುಕೊಳ್ಳಬೇಕಾಯಿತು. ಹಳೆಯ ಸ್ಟೋರ್ ರೂಮನ್ನು ಖಾಲಿ ಮಾಡಿಸಿ ಫ್ಯಾನು, ಚಾಪೆ, ಚಾರ್ಜ್ ಹಾಕುವ ಪ್ಲಗ್ ಇಟ್ಟು ಸಿಬ್ಬಂದಿ ವಿಶ್ರಾಂತಿ ಕೋಣೆ ಮಾಡಿದರು.

ಚಾರ್ಟ್ ಬದಲಿಸುವ ಮೊದಲು, ಅಕ್ಕ ಎಂದು ಹೇಳಿದೆನಲ್ಲ, ಅವರು ಈಗ ಕೆಲಸದಲ್ಲಿರುವವರ ಬಳಿಯೂ ದಿನಚರಿಯ ಅದೇ ಪ್ರಶ್ನೆ ಕೇಳಿದರು. ಇದಕ್ಕೆ ಎರಡು ಉದ್ದೇಶ. ಬಿಟ್ಟವರ ಮಾತು ಉಳಿದವರಿಗೂ ಅನ್ವಯಿಸುತ್ತದೆಯೇ ಎಂದು ಪರೀಕ್ಷಿಸುವುದು ಒಂದು. ಬದಲಾವಣೆ ಎಲ್ಲಿಂದ ಹುಟ್ಟಿತು ಎಂದು ಯಾರೂ ಒಬ್ಬರ ಕಡೆ ಬೆರಳು ತೋರಿಸದಂತೆ ಮಾಡುವುದು ಇನ್ನೊಂದು.

ಅಡುಗೆ ಮನೆ

ಅಡುಗೆ ಮನೆಯ ವಿಷಯ ಇಷ್ಟು ಸರಳವಾಗಿ ಬಗೆಹರಿಯಲಿಲ್ಲ. ಅಲ್ಲಿ ಬಿಟ್ಟವರು ಮೂರು ಜನ, ಮೂವರೂ ಹೇಳಿದ್ದು ಒಬ್ಬರೇ ಶೆಫ್ ಬಗ್ಗೆ: ಕೂಗಾಟ, ವಾರದ ರಜೆಯನ್ನು ಹಿಂದಿನ ರಾತ್ರಿ ರದ್ದು ಮಾಡುವುದು. ಮಾಲೀಕರು ಅಂದೇ ಶೆಫ್‌ನನ್ನು ಕರೆದು ಕೇಳಿಬಿಡುತ್ತೇನೆ ಎಂದರು. ಬೇಡ ಎಂದು ಹಿಡಿದು ನಿಲ್ಲಿಸಿದೆ. ಮೂರೇ ಜನ ಬಿಟ್ಟಿರುವಾಗ ‘ನಿಮ್ಮ ಬಗ್ಗೆ ಹೀಗೆ ಹೇಳಿದ್ದಾರೆ’ ಎಂದರೆ ಹೆಸರು ಹೇಳಿದಂತೆಯೇ. ಅದರ ಮೇಲೆ, ಇನ್ನು ಮುಂದೆ ಆ ರೆಸಾರ್ಟಿನಲ್ಲಿ ಯಾರೂ ಅಕ್ಕನ ಬಳಿ ಬಾಯಿ ಬಿಡುವುದಿಲ್ಲ.

ರಜೆ ಪುಸ್ತಕ ತೆಗೆಸಿದೆವು. ರದ್ದಾದ ರಜೆಗಳ ತಾರೀಖು ಮತ್ತು ಹಾಲ್ ಬುಕಿಂಗ್ ತಾರೀಖು ತಾಳೆ ಹಾಕಿದರೆ ಒಂದಕ್ಕೊಂದು ಹೊಂದುತ್ತಿದ್ದವು. ಮಾರಾಟ ವಿಭಾಗದವರು 150 ಜನರ ಊಟದ ಆರ್ಡರ್ ಒಪ್ಪಿಕೊಂಡು ಅಡುಗೆ ಮನೆಗೆ ತಿಳಿಸುತ್ತಿದ್ದದ್ದು ಹಿಂದಿನ ಸಂಜೆ. ಶೆಫ್ ರಜೆ ರದ್ದು ಮಾಡದೆ ಬೇರೆ ದಾರಿ ಇರಲಿಲ್ಲ. ಬಿಡುವವರು ತಮಗೆ ಪೆಟ್ಟು ಬಿದ್ದ ಜಾಗವನ್ನು ಸರಿಯಾಗಿಯೇ ತೋರಿಸುತ್ತಾರೆ, ಆದರೆ ಪೆಟ್ಟು ಎಲ್ಲಿಂದ ಹೊರಟಿತು ಎಂಬುದು ಅವರಿಗೆ ಕಾಣುವುದಿಲ್ಲ. ಅದನ್ನು ಹುಡುಕುವುದು ಸಂಸ್ಥೆಯ ಕೆಲಸ.

ಮೂರು ದಿನ ಮುಂಚೆ ತಿಳಿಸದ ಹಾಲ್ ಬುಕಿಂಗ್‌ಗೆ ಮಾಲೀಕರ ಒಪ್ಪಿಗೆ ಬೇಕು ಎಂಬ ನಿಯಮ ಬಂತು. ಕೂಗಾಟವನ್ನು ಮಾತ್ರ ಬಿಡುವಂತಿರಲಿಲ್ಲ. ಮಾಲೀಕರು ಕೆಲವು ದಿನ ರಾತ್ರಿ ಅಡುಗೆ ಮನೆಯಲ್ಲಿ ತಾವೇ ನಿಂತು ನೋಡಿ, ತಾವು ಕಣ್ಣಾರೆ ಕಂಡದ್ದರ ಬಗ್ಗೆ ಮಾತ್ರ ಶೆಫ್ ಜತೆ ಮಾತಾಡಿದರು. ರಜೆಯ ತೊಂದರೆ ಬಹುಮಟ್ಟಿಗೆ ನಿಂತಿತು. ಮಾತಿನ ಧಾಟಿ ಸ್ವಲ್ಪ ಮಾತ್ರ ಸುಧಾರಿಸಿತು, ಮುಂದಿನ ಸೀಸನ್ನಿನಲ್ಲಿ ಇನ್ನೊಬ್ಬ ಅಡುಗೆಯವ ಅದೇ ಕಾರಣಕ್ಕೆ ಬಿಟ್ಟ.

ದಾಖಲೆ ಇಟ್ಟ ಬಗೆ

ಒಬ್ಬೊಬ್ಬರ ಉತ್ತರವನ್ನು ವರದಿ ಮಾಡಿ ಮಾಲೀಕರ ಮೇಜಿಗೆ ಕಳಿಸುವುದು ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ಅಕ್ಕನ ಬಳಿ ಒಂದು ಪುಸ್ತಕ. ಪ್ರತಿ ಸಾಲಿಗೆ ವಿಭಾಗ, ಸ್ಥಳೀಯರೇ ಉಳಿದುಕೊಂಡವರೇ, ಒಂದು ವರ್ಷದ ಒಳಗೋ ಆಮೇಲೋ, ಮನಸ್ಸು ಮುರಿದ ದಿನದ ಘಟನೆ, ಅದನ್ನು ಯಾರಿಗೆ ಹೇಳಿದ್ದರು. ಹೆಸರಿಲ್ಲ. ಘಟನೆಯನ್ನೂ ಅವರದೇ ಮಾತಿನಲ್ಲಿ ಬರೆಯದೆ ಅಕ್ಕ ತಮ್ಮ ಮಾತಿನಲ್ಲಿ ಬರೆಯುತ್ತಾರೆ, ಏಕೆಂದರೆ ಸಣ್ಣ ಜಾಗದಲ್ಲಿ ಒಬ್ಬರ ಮಾತಿನ ಶೈಲಿಯೇ ಗುರುತು ಹೇಳುತ್ತದೆ. ಒಂದೇ ಬಗೆಯ ಘಟನೆ ಮೂರು ಸಲ ಬಂದರೆ ಮಾತ್ರ ಅದನ್ನು ಮಾಲೀಕರ ಗಮನಕ್ಕೆ ತರುವುದು, ಅದೂ ಚಾರ್ಟು, ಹಾಜರಿ, ರಜೆ ಪುಸ್ತಕದಂಥ ಬೇರೆ ದಾಖಲೆಯೊಂದಿಗೆ ತಾಳೆ ನೋಡಿದ ಮೇಲೆ. ವರ್ಷಕ್ಕೆ 20 ಜನ ಬಿಡುವ ಕಡೆ ಶೇಕಡಾ ಲೆಕ್ಕ ಹಾಕುವುದಕ್ಕೆ ಅರ್ಥವಿಲ್ಲ. ಒಬ್ಬರು ಆಚೀಚೆಯಾದರೂ ಚಿತ್ರ ಬದಲಾಗುತ್ತದೆ. ಪುಸ್ತಕದ ಕೊನೆಯ ಅಂಕಣ ‘ನಾವು ಮಾಡಿದ್ದು’. ಅದು ಖಾಲಿ ಉಳಿದ ಸಾಲುಗಳನ್ನು ಮಾಲೀಕರು ಮೂರು ತಿಂಗಳಿಗೊಮ್ಮೆ ನೋಡುತ್ತಾರೆ.

ಇನ್ನೊಂದು ಪದ್ಧತಿ ಮುಂದುವರಿದಿದೆ. ಬಿಟ್ಟು ಎರಡು–ಮೂರು ತಿಂಗಳಾದ ಮೇಲೆ ಅಕ್ಕ ಅವರಿಗೆ ಒಮ್ಮೆ ಫೋನ್ ಮಾಡಿ ಅದೇ ಎರಡನೇ ಪ್ರಶ್ನೆ ಕೇಳುತ್ತಾರೆ. ಹೊರಡುವಾಗ ಹೇಳಿದ್ದಕ್ಕಿಂತ ಆಗ ಹೇಳುವುದು ಬಹಳ ಸಲ ಬೇರೆ ಇರುತ್ತದೆ. ಎರಡನ್ನೂ ಬರೆದಿಡುತ್ತಾರೆ.

ಮುಂದಿನ ಸೀಸನ್

ಮರು ವರ್ಷ ಸೀಸನ್ ನಡುವೆ ಬಿಟ್ಟವರ ಸಂಖ್ಯೆ ಅರ್ಧಕ್ಕೆ ಇಳಿಯಿತು, ಇಳಿದದ್ದು ಬಹುತೇಕ ಸ್ಥಳೀಯ ಮಹಿಳೆಯರಲ್ಲಿ. ಅದೇ ವರ್ಷ ಪ್ರವಾಸಿಗರೂ ಸ್ವಲ್ಪ ಕಡಿಮೆ ಇದ್ದರು, ಕೆಲಸದ ಒತ್ತಡವೂ ಕಡಿಮೆ. ಹಾಗಾಗಿ ಎಲ್ಲವೂ ಚಾರ್ಟಿನಿಂದಲೇ ಆಯಿತು ಎನ್ನಲಾರೆ. ರಾತ್ರಿ ಟೆಂಪೋ ಬಂದ ಮೇಲೆ ಹೌಸ್‌ಕೀಪಿಂಗ್‌ನ ಇಬ್ಬರು ತಮ್ಮ ನೆಂಟರನ್ನು ಕೆಲಸಕ್ಕೆ ಕರೆತಂದರು. ಆ ಹಿಂದೆ ಒಂದೂವರೆ ವರ್ಷ ಹಾಗೆ ಯಾರೂ ಕರೆತಂದಿರಲಿಲ್ಲ. ನನಗೆ ಈ ಗುರುತು ಬಿಟ್ಟವರ ಲೆಕ್ಕಕ್ಕಿಂತ ಹೆಚ್ಚು ನಂಬಿಕೆಯದ್ದು.

ಫ್ರಂಟ್ ಆಫೀಸಿನವರು ಈಗಲೂ ಗೋವಾಕ್ಕೆ ಹೋಗುತ್ತಾರೆ. ಅವರಿಗೆ ‘ಇಲ್ಲಿನಷ್ಟೇ ಸಂಬಳ ಅಂದಿದ್ದರೆ ಹೋಗುತ್ತಿದ್ದಿರಾ’ ಎಂದರೆ ಯೋಚಿಸದೆ ಇಲ್ಲ ಎನ್ನುತ್ತಾರೆ, ಮನಸ್ಸು ಮುರಿದ ದಿನ ಎಂದು ಹೇಳಲು ಅವರ ಬಳಿ ಯಾವ ದಿನವೂ ಇರುವುದಿಲ್ಲ. ಅಲ್ಲಿನ ಸಂಬಳಕ್ಕೆ ಸರಿಗಟ್ಟಲು ಆಗದೆಂದು ಮಾಲೀಕರು ನಿರ್ಧರಿಸಿ, ಆ ವಿಭಾಗಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ಒಬ್ಬರನ್ನು ಹೆಚ್ಚಿಗೆ ತರಬೇತಿಗೆ ತೆಗೆದುಕೊಳ್ಳತೊಡಗಿದ್ದಾರೆ. ಎಲ್ಲರಿಗೂ ಕೊಟ್ಟ 1,500 ರೂಪಾಯಿಯ ಹೆಚ್ಚಳವನ್ನು ಅವರು ಹಿಂದೆಗೆದುಕೊಳ್ಳಲಿಲ್ಲ. ಮುಂದಿನ ಹೆಚ್ಚಳವನ್ನು ಮಾತ್ರ ಪುಸ್ತಕ ನೋಡಿ, ವಿಭಾಗವಾರು ತೀರ್ಮಾನಿಸುತ್ತಾರೆ.